46 ಪುಟದ ಅನುದಾನ ಪ್ರಕಟಣೆ ಒಂದು ಹಾಳೆಗೆ ಇಳಿದದ್ದು

ಚಿತ್ರದುರ್ಗ ಜಿಲ್ಲೆಯ ಸಣ್ಣ ಸಂಸ್ಥೆಗಳಿಗೆ ಲೆಕ್ಕ ಬರೆದುಕೊಡುವುದು, ಅನುದಾನಕ್ಕೆ ಅರ್ಜಿ ತಯಾರು ಮಾಡುವುದು ನನ್ನ ಕೆಲಸ. ಅರ್ಜಿ ಬರೆಯುವುದು ಅಷ್ಟು ಕಷ್ಟವಲ್ಲ. ತಲೆ ತಿನ್ನುವುದು ಅದಕ್ಕೂ ಮೊದಲಿನ ಕೆಲಸ. ಕಂಪನಿಯವರೋ ಪ್ರತಿಷ್ಠಾನದವರೋ ಹೊರಡಿಸಿದ ಉದ್ದುದ್ದ ಪ್ರಕಟಣೆ ಓದಿ, ಟ್ರಸ್ಟಿಗಳಿಗೆ ಮೂರು ವಿಷಯ ಒಂದೇ ಹಾಳೆಯಲ್ಲಿ ಬಿಡಿಸಿ ಹೇಳಬೇಕು. ನಮಗೆ ಎಷ್ಟು ದುಡ್ಡು ಸಿಗುತ್ತದೆ, ಯಾವ ಖರ್ಚಿಗೆ ಸಿಗುತ್ತದೆ, ಯಾವಾಗ ಯಾವ ಲೆಕ್ಕ ಕೊಡಬೇಕು. ಇಷ್ಟು ಗೊತ್ತಾದರೆ ಅರ್ಜಿ ಹಾಕಬೇಕಾ ಬೇಡವಾ ಅಂತ ಅವರೇ ತೀರ್ಮಾನ ಮಾಡುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಚಳ್ಳಕೆರೆ ಕಡೆಯ ಒಂದು ಟ್ರಸ್ಟ್ ಎರಡು ಊರಿನ ಕೆರೆ ಹೂಳು ತೆಗೆಸಿ, ಆ ಮಣ್ಣನ್ನು ರೈತರ ಹೊಲಕ್ಕೆ ಹೊಡೆಸಬೇಕು ಅಂತಿತ್ತು. ಒಂದು ಕಂಪನಿಯ ಸಿಎಸ್‌ಆರ್ ಹಣಕ್ಕೆ, ಅಂದರೆ ಸಮಾಜದ ಕೆಲಸಕ್ಕೆ ಕಂಪನಿ ತೆಗೆದಿಡುವ ಹಣಕ್ಕೆ, ಪ್ರಕಟಣೆ ಬಂತು. 46 ಪುಟ, ಪೂರ್ತಿ ಇಂಗ್ಲಿಷ್. ಟ್ರಸ್ಟಿನ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಮೊದಲ ಪುಟ ನೋಡಿ ಖುಷಿಯಾಗಿ ಫೋನ್ ಮಾಡಿದರು. "25 ಲಕ್ಷದವರೆಗೂ ಕೊಡ್ತಾರಂತೆ ಸಾರ್, ಮೊದಲನೇ ಪುಟದಲ್ಲೇ ಇದೆ."

ಮೊದಲನೇ ಪುಟದಲ್ಲಿ ಇರುವುದಕ್ಕೇ ನನಗೆ ಅನುಮಾನ ಜಾಸ್ತಿ.

ನಾನು ಇಂಥ ಕಾಗದವನ್ನು ಹಿಂದಿನಿಂದ ಓದುತ್ತೇನೆ. ಮೊದಲ ಹತ್ತು ಪುಟ ಕಂಪನಿಯ ಪರಿಚಯ, ಅವರ ಆಸೆ, ಉದ್ದೇಶ. ದುಡ್ಡಿನ ಮಾತು ಇರುವುದು ಕೊನೆಯಲ್ಲಿ: ಬಜೆಟ್ ನಮೂನೆ, ಕರಡು ಒಪ್ಪಂದ, ಪ್ರಶ್ನೋತ್ತರ, ಆಮೇಲೆ ಹೊರಡಿಸಿದ ತಿದ್ದುಪಡಿ. ಅದರಲ್ಲೂ ಕರಡು ಒಪ್ಪಂದ ಮುಖ್ಯ. ನಾಳೆ ಸಹಿ ಹಾಕುವುದು ಅದಕ್ಕೆ ತಾನೆ?

ಆಮೇಲೆ ಪಿಡಿಎಫ್ ತೆರೆದು Ctrl+F ಒತ್ತಿ ಕೆಲವು ಪದ ಹುಡುಕುತ್ತೇನೆ. `not exceed` ಹಾಕಿದರೆ ಮಿತಿಗಳೆಲ್ಲ ಸಿಗುತ್ತವೆ. `inclusive` ಹಾಕಿದರೆ ತೆರಿಗೆ ಒಳಗೋ ಹೊರಗೋ ತಿಳಿಯುತ್ತದೆ. `prior approval` ಅಂದರೆ ಕೇಳದೆ ಮಾಡಬಾರದ ಖರ್ಚು. `days from` ಅಂದರೆ ಗಡುವು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಇದು ನಡೆಯುವುದಿಲ್ಲ, ಪೆನ್ಸಿಲ್ ಹಿಡಿದು ಕೂರಬೇಕು. ಸಿಕ್ಕ ವಾಕ್ಯವನ್ನು ಇದ್ದ ಹಾಗೇ ಒಂದು ಕಡೆ ಬರೆದು, ಪಕ್ಕದಲ್ಲಿ ಪುಟ ಸಂಖ್ಯೆ ಹಾಕುತ್ತೇನೆ. ಈ ಹಂತದಲ್ಲಿ ಸರಳ ಮಾಡಲು ಹೋಗುವುದಿಲ್ಲ. ಒಂದೇ ವಿಷಯ ಎಷ್ಟು ಕಡೆ ಬಂದಿದೆ, ಎಲ್ಲಾ ಕಡೆ ಒಂದೇ ಥರ ಇದೆಯಾ ಅಂತ ನೋಡಲು ಮೂಲ ವಾಕ್ಯವೇ ಬೇಕು.

ಹಾಗೆ ಜೋಡಿಸಿದಾಗ ಆ 25 ಲಕ್ಷದ ಕಥೆ ಹೊರಗೆ ಬಂತು. ಪುಟ 1ರಲ್ಲಿ "ಗರಿಷ್ಠ 25 ಲಕ್ಷ". ಪುಟ 19ರಲ್ಲಿ ಅರ್ಹತೆಯ ಪಟ್ಟಿಯ ಕೆಳಗೆ ಇನ್ನೊಂದು ಸಾಲು: ಅನುದಾನವು ಸಂಸ್ಥೆಯ ಹಿಂದಿನ ಮೂರು ವರ್ಷದ ಸರಾಸರಿ ವಾರ್ಷಿಕ ಖರ್ಚಿನ ಶೇ 40 ಮೀರಬಾರದು. ಟ್ರಸ್ಟಿನ ಆಡಿಟ್ ಆದ ಲೆಕ್ಕ ತೆಗೆದೆ. ಮೂರು ವರ್ಷದ ಖರ್ಚು 38 ಲಕ್ಷ, 46 ಲಕ್ಷ, 51 ಲಕ್ಷ. ಸರಾಸರಿ 45 ಲಕ್ಷ. ಅದರ ಶೇ 40 ಅಂದರೆ 18 ಲಕ್ಷ. ಈ ಟ್ರಸ್ಟಿಗೆ ಮಿತಿ 18 ಲಕ್ಷ, 25 ಅಲ್ಲ.

ಮೇಷ್ಟ್ರು ಸುಮ್ಮನೆ ಒಪ್ಪಲಿಲ್ಲ. "ಶೇ 40 ಅನ್ನೋದು ಒಂದು ವರ್ಷಕ್ಕಾ, ಇಡೀ ಯೋಜನೆಗಾ? ನಮ್ಮದು ಒಂದೂವರೆ ವರ್ಷದ್ದಲ್ವಾ?" ಅಂದರು. ಒಳ್ಳೆಯ ಪ್ರಶ್ನೆ. ವರ್ಷಕ್ಕೆ ಅಂತಾದರೆ ಯೋಜನೆ ಎರಡು ಹಣಕಾಸು ವರ್ಷಕ್ಕೆ ಹರಡುವುದರಿಂದ 25 ಲಕ್ಷವನ್ನೂ ಕೇಳಬಹುದಿತ್ತು. ಪ್ರಕಟಣೆಯಲ್ಲಿ ಎಲ್ಲೂ ಸ್ಪಷ್ಟ ಇರಲಿಲ್ಲ. ಪ್ರಶ್ನೆ ಕೇಳಲು ಒಂದು ಗಡುವು ಕೊಟ್ಟಿರುತ್ತಾರೆ, ಅರ್ಜಿಯ ಗಡುವಿಗಿಂತ ತುಂಬಾ ಮೊದಲೇ ಅದು ಮುಗಿಯುತ್ತದೆ. ಅದರೊಳಗೆ ಮೇಲ್ ಕಳಿಸಿದೆವು. ಇಡೀ ಯೋಜನೆಗೆ ಅಂತ ಉತ್ತರ ಬಂತು. ಆ ಮೇಲನ್ನು ಪ್ರಿಂಟ್ ತೆಗೆದು ಹಾಳೆಯ ಹಿಂದೆ ಪಿನ್ ಮಾಡಿದೆ. ಕಂಪನಿಯ ಕಡೆಯ ಅಧಿಕಾರಿಗಳು ಬದಲಾಗುತ್ತಿರುತ್ತಾರೆ, ಫೋನಿನಲ್ಲಿ ಹೇಳಿದ್ದಕ್ಕೆ ಆಧಾರ ಇರುವುದಿಲ್ಲ.

ಹಾಳೆಯ ಮೊದಲ ಭಾಗದಲ್ಲಿ ಹೀಗೆ ಬರೆದೆ: "ನಾವು ಕೇಳಬಹುದಾದ್ದು ಜಾಸ್ತಿ ಅಂದರೆ 18 ಲಕ್ಷ, ತೆರಿಗೆ ಎಲ್ಲಾ ಸೇರಿ, 18 ತಿಂಗಳಿಗೆ. ಪುಟ 1 ಮತ್ತು 19, ಮೇಲ್ ಉತ್ತರ ಹಿಂದೆ ಇದೆ." ಪ್ರಕಟಣೆಯ 25 ಲಕ್ಷವನ್ನು ಹಾಳೆಯಲ್ಲಿ ಬರೆಯಲೇ ಇಲ್ಲ. ಬರೆದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಎರಡನೆಯದು ಖರ್ಚು. ಇದರಲ್ಲಿ ಎಲ್ಲರೂ ಎಡವುವುದು ಆಡಳಿತ ವೆಚ್ಚದಲ್ಲಿ. ಸಭೆಯಲ್ಲಿ ಒಬ್ಬ ಟ್ರಸ್ಟಿ "ಸಿಎಸ್‌ಆರ್ ಅಂದರೆ ಶೇ 5 ತಾನೆ?" ಅಂದರು. ಇನ್ನೊಬ್ಬರು "ಇಲ್ಲ, ಶೇ 20" ಅಂದರು. ಎರಡೂ ಬೇರೆ ಕಡೆಯ ನಿಯಮ. ಶೇ 5 ಅನ್ನುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿನ ಮಿತಿ, ಅವರ ಒಟ್ಟು ಸಿಎಸ್‌ಆರ್ ಖರ್ಚಿನ ಮೇಲೆ. ಶೇ 20 ಅನ್ನುವುದು ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ. ಮೊದಲು ಶೇ 50 ಇದ್ದದ್ದನ್ನು 2020ರ ತಿದ್ದುಪಡಿಯಲ್ಲಿ 20ಕ್ಕೆ ಇಳಿಸಿದರು. ನಮ್ಮ ಕೈಯಲ್ಲಿದ್ದ ಪ್ರಕಟಣೆಯಲ್ಲಿ ಕಂಪನಿಯೇ ಬೇರೆ ಮಿತಿ ಹಾಕಿತ್ತು: ಶೇ 10. ಅರ್ಜಿದಾರರಿಗೆ ಅನ್ವಯಿಸುವುದು ಅದು.

ಶೇ 10 ಸರಿ, ಆದರೆ ಯಾವುದರ ಶೇ 10? ಪುಟ 24ರಲ್ಲಿ "ನೇರ ಯೋಜನಾ ವೆಚ್ಚದ" ಅಂತ ಇತ್ತು. ಬಜೆಟ್ ನಮೂನೆಯಲ್ಲಿ ಬರೀ "ಗರಿಷ್ಠ ಶೇ 10". ಒಟ್ಟು 18 ಲಕ್ಷದ ಮೇಲೆ ಲೆಕ್ಕ ಹಾಕಿದರೆ 1,80,000. ನೇರ ವೆಚ್ಚದ ಮೇಲೆ ಹಾಕಿದರೆ 18 ಲಕ್ಷವನ್ನು 1.1ರಿಂದ ಭಾಗಿಸಬೇಕು. ನೇರ ವೆಚ್ಚ 16,36,364, ಆಡಳಿತಕ್ಕೆ 1,63,636. ವ್ಯತ್ಯಾಸ 16 ಸಾವಿರ ಚಿಲ್ಲರೆ. ದೊಡ್ಡದಲ್ಲ ಅನ್ನಿಸಬಹುದು. ಆದರೆ ಕೊನೆಯ ಆಡಿಟ್‌ನಲ್ಲಿ ಅದು "ಅರ್ಹವಲ್ಲದ ಖರ್ಚು" ಅಂತಾದರೆ ಟ್ರಸ್ಟ್ ತನ್ನ ಜೇಬಿನಿಂದ ವಾಪಸ್ ಕಟ್ಟಬೇಕು. ಎರಡು ಅರ್ಥ ಬರುವ ಕಡೆ ನಾನು ಕಡಿಮೆ ಮೊತ್ತವನ್ನೇ ಹಾಳೆಗೆ ಹಾಕುತ್ತೇನೆ.

ಇದಕ್ಕಿಂತ ದೊಡ್ಡ ವಿಷಯ ಅನುಬಂಧದಲ್ಲಿ ಅಡಗಿತ್ತು. ಆಡಳಿತ ವೆಚ್ಚದಲ್ಲಿ ಏನೇನು ಬರುತ್ತದೆ ಅನ್ನುವ ಪಟ್ಟಿ ಅದು: ಬಾಡಿಗೆ, ಕರೆಂಟು, ಫೋನು, ಸ್ಟೇಷನರಿ, ಜೊತೆಗೆ ಅಕೌಂಟೆಂಟ್ ಸಂಬಳ. ಟ್ರಸ್ಟಿನವರು ಅಕೌಂಟೆಂಟ್ ಹುಡುಗಿಯ ಅರ್ಧ ಸಂಬಳ, ತಿಂಗಳಿಗೆ 9,000, ಈ ಯೋಜನೆಗೆ ಹಾಕಬೇಕು ಅಂದುಕೊಂಡಿದ್ದರು. 18 ತಿಂಗಳಿಗೆ 1,62,000. ಆಡಳಿತಕ್ಕೆ ಇದ್ದ ದುಡ್ಡೇ 1,63,636. ಬಾಡಿಗೆಗೂ ಕರೆಂಟಿಗೂ ಸೇರಿ ಉಳಿದದ್ದು 1,636 ರೂಪಾಯಿ, ಅದೂ ಒಂದೂವರೆ ವರ್ಷಕ್ಕೆ. ಈ ಒಂದು ಲೆಕ್ಕ ನೋಡಿದ ಮೇಲೆ ಸಭೆ ಸ್ವಲ್ಪ ಹೊತ್ತು ಬೇರೇನೂ ಮಾತಾಡಲಿಲ್ಲ. ಕೊನೆಗೆ ತಿಂಗಳಿಗೆ 5,000 ಮಾತ್ರ ಇದರಿಂದ ಕೊಡುವುದು, ಉಳಿದದ್ದು ಬೇರೆ ದೇಣಿಗೆಯಿಂದ ಅಂತ ಆಯಿತು.

ಖರ್ಚಿನ ಭಾಗವನ್ನು ನಾನು ಮೂರು ಕಾಲಂ ಮಾಡುತ್ತೇನೆ. ಆಗುತ್ತೆ, ಆಗಲ್ಲ, ಕೇಳಿ ಮಾಡಬೇಕು. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ಈ ಪ್ರಕಟಣೆಯಲ್ಲಿ ಬಜೆಟ್‌ನ ಒಂದು ತಲೆಬರಹದಿಂದ ಇನ್ನೊಂದಕ್ಕೆ ಶೇ 10ಕ್ಕಿಂತ ಜಾಸ್ತಿ ಹಣ ಸರಿಸಬೇಕಾದರೆ ಮೊದಲೇ ಬರಹದಲ್ಲಿ ಒಪ್ಪಿಗೆ ಬೇಕಿತ್ತು. ಕೆರೆ ಕೆಲಸದಲ್ಲಿ ಇದು ಬಂದೇ ಬರುತ್ತದೆ. ಜೆಸಿಬಿ ಗಂಟೆ ಅಂದಾಜು ಮೀರುತ್ತದೆ, ತರಬೇತಿ ದುಡ್ಡು ಉಳಿಯುತ್ತದೆ, ಅದನ್ನು ಇದಕ್ಕೆ ಹಾಕಿಬಿಡುತ್ತಾರೆ. ಒಪ್ಪಿಗೆ ಕೇಳದಿದ್ದರೆ ಒಳ್ಳೆಯ ಬಿಲ್ಲೇ ಇದ್ದರೂ ಆ ಖರ್ಚು ತಿರಸ್ಕಾರ.

ಆಗುತ್ತೋ ಆಗಲ್ವೋ ಅಂತ ಗೊಂದಲ ಮಾಡಿದ್ದು ಜಿಎಸ್‌ಟಿ. ಪ್ರಕಟಣೆಯಲ್ಲಿ "ವಾಪಸ್ ಪಡೆಯಬಹುದಾದ ತೆರಿಗೆ ಅರ್ಹವಲ್ಲ" ಅಂತ ಇತ್ತು. ಅದನ್ನು ಓದಿ ಟ್ರಸ್ಟಿನ ಹುಡುಗ ಜೆಸಿಬಿ ಬಾಡಿಗೆಯನ್ನು ತೆರಿಗೆ ಬಿಟ್ಟು, ಒಂದು ಕೆರೆಗೆ 3 ಲಕ್ಷ ಅಂತ ಬಜೆಟ್ ಹಾಕಿದ್ದ. ಆದರೆ ಈ ಟ್ರಸ್ಟಿಗೆ ಜಿಎಸ್‌ಟಿ ನೋಂದಣಿಯೇ ಇಲ್ಲ. ಕಟ್ಟಿದ ತೆರಿಗೆಯನ್ನು ಎಲ್ಲಿಂದಲೂ ವಾಪಸ್ ಪಡೆಯಲು ಆಗುವುದಿಲ್ಲ. ಅಂದರೆ ಅದು ನಿಜವಾದ ಖರ್ಚು, ಅರ್ಹ ಖರ್ಚು. ಕೊಟೇಶನ್‌ನಲ್ಲಿ ಇದ್ದ ಹಾಗೆ ಶೇ 18 ಸೇರಿಸಿ 3,54,000 ಹಾಕಬೇಕು. ಹಾಕದೆ ಬಿಟ್ಟಿದ್ದರೆ ಎರಡು ಕೆರೆಗೆ 1,08,000 ರೂಪಾಯಿ ಕೈಯಿಂದ ಹೋಗುತ್ತಿತ್ತು. ಹಾಳೆಯಲ್ಲಿ ಆ ಇಂಗ್ಲಿಷ್ ವಾಕ್ಯದ ಬದಲು ಇಷ್ಟೇ ಬರೆದೆ: "ನಮಗೆ ಜಿಎಸ್‌ಟಿ ನಂಬರ್ ಇಲ್ಲ, ಹಾಗಾಗಿ ಬಿಲ್ಲಿನ ತೆರಿಗೆಯನ್ನೂ ಬಜೆಟ್‌ನಲ್ಲಿ ಹಾಕಬಹುದು."

ಆಗಲ್ಲ ಅನ್ನುವ ಕಾಲಂ ಚಿಕ್ಕದು. ಒಪ್ಪಂದಕ್ಕೆ ಸಹಿ ಆಗುವ ಮೊದಲಿನ ಯಾವ ಖರ್ಚೂ ಇಲ್ಲ, ಕೆರೆ ಸರ್ವೆ ಮಾಡಿಸಿದ್ದೂ ಸೇರಿ. ವಾಹನ ಖರೀದಿ ಇಲ್ಲ. ಊಟದ ಖರ್ಚು ತರಬೇತಿ ದಿನ ಬಿಟ್ಟು ಇಲ್ಲ. ಇದರ ಕೆಳಗೆ ಪ್ರಕಟಣೆಯಲ್ಲಿ ಇಲ್ಲದ ಒಂದು ಸಾಲನ್ನು ನಾನೇ ಸೇರಿಸಿದೆ: ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ. ಅದು ಆದಾಯ ತೆರಿಗೆ ಕಾನೂನಿನ ಮಿತಿ, ಧರ್ಮಾರ್ಥ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ಜೆಸಿಬಿ ಮಾಲೀಕರು "ಡೀಸೆಲ್‌ಗೆ ಕೈಗೆ ಕೊಡಿ" ಅಂತ ಸಂಜೆ ಬಂದು ನಿಲ್ಲುತ್ತಾರೆ. ಆಗ ತೋರಿಸಲು ಒಂದು ಬರಹ ಇದ್ದರೆ ಅನುಕೂಲ.

ಇನ್ನು ವರದಿಯ ಗಡುವು. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಬೆಲೆ ಇರುವುದು ಈ ಭಾಗಕ್ಕೇ, ಯಾಕೆಂದರೆ ದುಡ್ಡು ಬರುವುದು ವರದಿಯ ಹಿಂದೆ.

ಪ್ರಕಟಣೆಯಲ್ಲಿ ಒಂದೂ ದಿನಾಂಕ ಇರಲಿಲ್ಲ. "ತ್ರೈಮಾಸಿಕ ಮುಗಿದ 15 ದಿನದೊಳಗೆ", "ಯೋಜನೆ ಮುಗಿದ 45 ದಿನದೊಳಗೆ" ಅಂತ ಇತ್ತು. ಕರಡು ಒಪ್ಪಂದದಲ್ಲಿ ಯೋಜನೆ ಶುರುವಾಗುವುದು ಸಹಿ ಹಾಕಿದ ದಿನದಿಂದ, ಹಣ ಬಂದ ದಿನದಿಂದ ಅಲ್ಲ. ಹಣ ಒಂದು ತಿಂಗಳು ತಡವಾಗಿ ಬಂದರೂ ಗಡುವು ಮಾತ್ರ ಓಡುತ್ತಿರುತ್ತದೆ. ಅಕ್ಟೋಬರ್ 1ಕ್ಕೆ ಸಹಿ ಅಂತ ಇಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ತೆಗೆದು ದಿನಾಂಕ ಹಾಕಿದೆ. ವರದಿ ಜನವರಿ 15, ಏಪ್ರಿಲ್ 15, ಜುಲೈ 15, ಅಕ್ಟೋಬರ್ 15, ಮತ್ತೆ ಜನವರಿ 15. ಯೋಜನೆ ಮುಗಿಯುವುದು ಅದೇ ವರ್ಷದ ಮಾರ್ಚ್ 31ಕ್ಕೆ. ಅಂತಿಮ ವರದಿ ಮೇ 15.

ಆಮೇಲೆ ಕಂತು. ಶೇ 40, ಶೇ 40, ಶೇ 20. ನಮ್ಮ ಲೆಕ್ಕದಲ್ಲಿ 7.2 ಲಕ್ಷ, 7.2 ಲಕ್ಷ, 3.6 ಲಕ್ಷ. ಎರಡನೇ ಕಂತು ಬೇಕಾದರೆ ಮೊದಲ ಕಂತಿನ ಶೇ 75 ಖರ್ಚಾಗಿರಬೇಕು, ಸಿಎ ಸಹಿ ಹಾಕಿದ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ, ಕೊಡಬೇಕು. ಅಂದರೆ 5.4 ಲಕ್ಷ ಖರ್ಚು ತೋರಿಸಬೇಕು. ಯುಸಿ ಕೊಟ್ಟ ಮೇಲೆ ಹಣ ಬಿಡುಗಡೆಗೆ ಅವರಿಗೆ 45 ಕೆಲಸದ ದಿನ ಸಮಯ. ರಜೆ, ಶನಿವಾರ, ಭಾನುವಾರ ಸೇರಿಸಿದರೆ ಎರಡು ತಿಂಗಳಿಗೂ ಮಿಕ್ಕಿ ಆಗುತ್ತದೆ.

ಇದನ್ನು ಚಳ್ಳಕೆರೆಯ ಬೇಸಿಗೆಯ ಪಕ್ಕ ಇಟ್ಟು ನೋಡಿ. ಕೆರೆ ಒಣಗುವುದು ಫೆಬ್ರುವರಿ ಹೊತ್ತಿಗೆ. ಹೂಳು ತೆಗೆಯಲು ಸಿಗುವುದು ಅಲ್ಲಿಂದ ಮುಂಗಾರು ಶುರುವಾಗುವವರೆಗೆ. ಅಕ್ಟೋಬರ್‌ನಿಂದ ಜನವರಿವರೆಗೆ ಸಂಬಳ, ಓಡಾಟ, ಆಫೀಸು ಸೇರಿ ತಿಂಗಳಿಗೆ ಸುಮಾರು 45,000 ಖರ್ಚು. ನಾಲ್ಕು ತಿಂಗಳಿಗೆ 1.8 ಲಕ್ಷ. 5.4 ಲಕ್ಷದ ಹತ್ತಿರವೂ ಹೋಗಲ್ಲ. ಫೆಬ್ರುವರಿಯಲ್ಲಿ ಒಂದು ಕೆರೆಯ ಕೆಲಸ ಪೂರ್ತಿ ಮಾಡಿದರೆ ಮಾತ್ರ 3.54 ಲಕ್ಷ ಸೇರಿ, ಆ ತಿಂಗಳ ಸಂಬಳವೂ ಸೇರಿ, ಒಟ್ಟು 5.79 ಲಕ್ಷ ಆಗುತ್ತದೆ. ಆಗ ಯುಸಿ ಕೊಡಬಹುದು. ಕೈಯಲ್ಲಿ ಉಳಿಯುವುದು 1.41 ಲಕ್ಷ, ತಿಂಗಳಿಗೆ 45,000ದಂತೆ ಮೇ ಕೊನೆಯವರೆಗೆ ತಳ್ಳಬಹುದು.

ಮಾರ್ಚ್ ಮೊದಲ ವಾರ ಯುಸಿ ಕಳಿಸಿದರೆ ಮೇ ಮಧ್ಯಕ್ಕೆ ಹಣ ಬರುವ ಲೆಕ್ಕ. ಏಪ್ರಿಲ್ 15ರ ತ್ರೈಮಾಸಿಕ ವರದಿಯ ಜೊತೆಗೇ ಕಳಿಸೋಣ ಅಂತ ಕೂತರೆ ಹಣ ಬರುವುದು ಜೂನ್ ಮಧ್ಯ ದಾಟಿದ ಮೇಲೆ, ಅಷ್ಟರಲ್ಲಿ ಸಂಬಳಕ್ಕೇ ದುಡ್ಡಿಲ್ಲ. ಶೇ 75 ಮುಟ್ಟಿದ ತಕ್ಷಣ ಯುಸಿ ಕಳಿಸಬಹುದು, ತ್ರೈಮಾಸಿಕಕ್ಕೆ ಕಾಯಬೇಕಿಲ್ಲ ಅಂತ ಪ್ರಶ್ನೋತ್ತರದ ಒಂದು ಮೂಲೆಯಲ್ಲಿ ಇತ್ತು. ಹಾಳೆಯಲ್ಲಿ ಅದಕ್ಕೆ ಎರಡು ಗೆರೆ ಎಳೆದೆ. ಪಕ್ಕದಲ್ಲಿ ಇನ್ನೊಂದು ಮಾತು: "ಜೆಸಿಬಿಯವರಿಗೆ ಕೊಟ್ಟ ಮುಂಗಡ ಖರ್ಚಲ್ಲ. ಬಿಲ್ಲು ಬಂದು, ಹಣ ಪಾವತಿ ಆದ ಮೇಲೆ ಮಾತ್ರ ಖರ್ಚು." ಮುಂಗಡವನ್ನೂ ಖರ್ಚಿಗೆ ಸೇರಿಸಿ ಶೇ 75 ಆಯಿತು ಅಂದರೆ ಸಿಎ ಸಹಿ ಹಾಕುವುದಿಲ್ಲ, ಹಾಕಲೂಬಾರದು.

ಇದರಿಂದ ಯೋಜನೆಯೇ ಬದಲಾಯಿತು. ಒಂದೇ ಬೇಸಿಗೆಯಲ್ಲಿ ಎರಡೂ ಕೆರೆ ಅಂತ ಇದ್ದದ್ದನ್ನು ಮೊದಲ ಫೆಬ್ರುವರಿಗೆ ಒಂದು ಕೆರೆ, ಎರಡನೇ ವರ್ಷದ ಫೆಬ್ರುವರಿಗೆ ಇನ್ನೊಂದು ಅಂತ ಮಾಡಿದೆವು. ಊರಿನವರಿಗೆ, ಅದರಲ್ಲೂ ಎರಡನೇ ಊರಿನವರಿಗೆ, ಸ್ವಲ್ಪ ಬೇಜಾರಾಯಿತು. ಕಂತಿನ ಲೆಕ್ಕವನ್ನೇ ಅವರ ಮುಂದೆ ಇಟ್ಟು ಮೇಷ್ಟ್ರು ವಿವರಿಸಿದರು. ಕೆರೆ ಅನುಮತಿ ಪತ್ರವನ್ನು ನವೆಂಬರ್ ಒಳಗೆ ಕೈಗೆ ತಗೋಬೇಕು ಅಂತಲೂ ಹಾಳೆಗೆ ಸೇರಿತು. ಅದು ಜಾರಿದರೆ ಫೆಬ್ರುವರಿ ಜಾರುತ್ತದೆ, ಫೆಬ್ರುವರಿ ಜಾರಿದರೆ ಎರಡನೇ ಕಂತು.

ಕೊನೆಯ ಶೇ 20ರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಅಂತಿಮ ವರದಿ ಒಪ್ಪಿಗೆಯಾದ ಮೇಲೆ ಕೊಡುತ್ತೇವೆ ಅಂತ ಇತ್ತು. ಆದರೆ ಖರ್ಚೆಲ್ಲ ಮಾರ್ಚ್ 31ರೊಳಗೆ ಮುಗಿದಿರಬೇಕು. ಅಂದರೆ 3.6 ಲಕ್ಷವನ್ನು ಟ್ರಸ್ಟ್ ಮೊದಲು ತನ್ನ ದುಡ್ಡಿನಿಂದ ಹಾಕಿ, ಆಮೇಲೆ ಪಡೆಯಬೇಕು. ಎರಡನೇ ಕೆರೆಯ ಬಿಲ್ಲು ಹೆಚ್ಚುಕಡಿಮೆ ಅಷ್ಟೇ. ಮಾಲೀಕರಿಗೆ ಸಾಲ ಹೇಳಿದರೂ ನಡೆಯಲ್ಲ, ಪಾವತಿ ಆಗದ್ದು ಖರ್ಚಲ್ಲವಲ್ಲ. ಟ್ರಸ್ಟಿಗೆ ಒಂದು ಎಫ್‌ಡಿ ಇತ್ತು, ಅದರ ಮೇಲೆ ಸಾಲ ತೆಗೆಯುವುದು ಅಂತ ನಿರ್ಣಯ ಪುಸ್ತಕದಲ್ಲಿ ಬರೆದುಕೊಂಡರು. ಎಫ್‌ಡಿ ಇಲ್ಲದ ಸಂಸ್ಥೆ ಆಗಿದ್ದರೆ ಈ ಅರ್ಜಿ ಬೇಡ ಅಂತಲೇ ಹೇಳುತ್ತಿದ್ದೆ.

ಮಾರ್ಚ್ 31ಕ್ಕೆ ಕಂಪನಿಯವರು ಯಾಕೆ ಅಷ್ಟು ಪಟ್ಟು ಹಿಡಿಯುತ್ತಾರೆ ಅಂತ ಮೇಷ್ಟ್ರು ಕೇಳಿದರು. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ, ಮುಂದುವರಿಯುವ ಯೋಜನೆಯಲ್ಲಿ ಆ ವರ್ಷ ಖರ್ಚಾಗದೆ ಉಳಿದ ಹಣವನ್ನು ಕಂಪನಿ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. ಹಣ ಸರಿಯಾಗಿ ಬಳಕೆಯಾಗಿದೆ ಅಂತ ಅವರ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಹಾಗಾಗಿ ಏಪ್ರಿಲ್ ಮೊದಲ ವಾರ ಫೋನ್ ಬರುವುದು ಖಚಿತ. ವರದಿಗೆ ಏಪ್ರಿಲ್ 15 ಅಂತ ಇದ್ದರೂ, ಮಾರ್ಚ್ 31ರ ಖರ್ಚಿನ ಮೊತ್ತ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಏಪ್ರಿಲ್ 3ಕ್ಕೇ ರೆಡಿ ಇರಲಿ ಅಂತ ಹಾಳೆಯಲ್ಲಿ ಬರೆದೆ. ಇದು ಪ್ರಕಟಣೆಯಲ್ಲಿ ಇಲ್ಲ. ಈ ಕೆಲಸ ಮಾಡಿದವರಿಗೆ ಗೊತ್ತು.

ಹಾಳೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ, ನಾನು ಓದುವುದಿಲ್ಲ. ಕ್ಷೇತ್ರಕ್ಕೆ ಹೋಗುವ ಅಕ್ಕ ಓದಿದರು. ಅವರು ತಡವರಿಸಿದ ಕಡೆಯೆಲ್ಲ ನಾನು ಪೆನ್ನಿನಲ್ಲಿ ಗುರುತು ಹಾಕಿಕೊಂಡೆ. "ನೇರ ವೆಚ್ಚ" ಅನ್ನುವಲ್ಲಿ ನಿಂತರು. ಅದನ್ನು ತೆಗೆದು "ಕೆರೆ ಕೆಲಸಕ್ಕೇ ಆಗುವ ಖರ್ಚು" ಅಂತ ಮಾಡಿದೆ.

ಅರ್ಜಿ ಹಾಕುವ ಹಿಂದಿನ ದಿನ ಕಂಪನಿಯ ವೆಬ್‌ಸೈಟ್ ಇನ್ನೊಮ್ಮೆ ನೋಡಿದರೆ ಹೊಸ ತಿದ್ದುಪಡಿ. ಸಿಬ್ಬಂದಿ ಸಂಬಳದ ಮಿತಿ ಶೇ 35 ಇದ್ದದ್ದು ಶೇ 30 ಆಗಿತ್ತು. ನಮ್ಮ ಬಜೆಟ್ ಅದರೊಳಗೇ ಇತ್ತು. ಹಾಳೆಯಲ್ಲಿ ಅಂಕಿ ತಿದ್ದಿ, ತಿದ್ದುಪಡಿಯ ದಿನಾಂಕ ಬರೆದೆ.

ಅನುದಾನ ಮಂಜೂರಾಗಿ ಒಪ್ಪಂದ ಬಂದಾಗ ಸಹಿಗೆ ಮೊದಲು ಹಾಳೆಯನ್ನೂ ಒಪ್ಪಂದವನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ತಾಳೆ ನೋಡಿದೆವು. ಒಂದೇ ಕಡೆ ಬದಲಾಗಿತ್ತು. ಅಂತಿಮ ವರದಿಗೆ 45 ದಿನದ ಬದಲು 30 ದಿನ. ಮೇ 15 ಹೊಡೆದು ಏಪ್ರಿಲ್ 30 ಅಂತ ಬರೆದು, ಮೇಷ್ಟ್ರು ಅಲ್ಲೇ ಕೂತು ಸಿಎ ಆಫೀಸಿಗೆ ಫೋನ್ ಮಾಡಿದರು.